ಸೆರಗು, ಟವೆಲ್, ದಿಂಬು: ಕೆಂಗಣ್ಣು ಮನೆಯೊಳಗೆ ನಡೆಯುವ ದಾರಿ

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಸೋಮವಾರ ಬೆಳಗ್ಗೆ ಏಳುವಾಗ ಬಲಗಣ್ಣು ಬಿಡಲಾಗುತ್ತಿಲ್ಲ ಎಂದುಕೊಳ್ಳೋಣ. ರೆಪ್ಪೆಗಳು ಗೀಜಿನಿಂದ ಅಂಟಿಕೊಂಡಿವೆ. ಬಿಡಿಸಿ ನೋಡಿದರೆ ಬಿಳಿಗುಡ್ಡೆ ಕೆಂಪಗಾಗಿದೆ, ಒಳಗೆ ಮರಳು ಬಿದ್ದಂತೆ ಚುಚ್ಚುತ್ತಿದೆ, ನೀರು ಸುರಿಯುತ್ತಿದೆ. ಅಮ್ಮ ಸೆರಗಿನ ತುದಿ ಒದ್ದೆ ಮಾಡಿ ಕಣ್ಣು ಒರೆಸುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಅದೇ ಸೆರಗು ಚಿಕ್ಕ ತಮ್ಮನ ಮುಖಕ್ಕೂ ಹೋಗುತ್ತದೆ. ಕಣ್ಣು ಬೇನೆ ಒಂದು ಮಗುವಿನಿಂದ ಇಡೀ ಮನೆಗೆ ಹೋಗುವುದು ಬಹುಪಾಲು ಹೀಗೆ, ಪ್ರೀತಿಯಿಂದ ಒರೆಸುವ ಬಟ್ಟೆಯಲ್ಲಿ ಮತ್ತು ಕೈಯಲ್ಲಿ.

ಬೇನೆ ಬಂದವರ ಕಣ್ಣನ್ನು ನೋಡಿದರೆ ನಮಗೂ ಬರುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲೂ ಪಟ್ಟಣದಲ್ಲೂ ಇದೆ. ನೋಟದಿಂದ ಯಾವ ವೈರಾಣುವೂ ದಾಟುವುದಿಲ್ಲ. ಕಪ್ಪು ಕನ್ನಡಕ ಹಾಕಿದರೆ ಬಿಸಿಲು ಚುಚ್ಚುವುದು ಕಡಿಮೆಯಾಗುತ್ತದೆ, ಪದೇ ಪದೇ ಕಣ್ಣು ಮುಟ್ಟುವುದೂ ತಪ್ಪಬಹುದು. ಅದರ ಉಪಯೋಗ ಅಷ್ಟೇ. ಸೋಂಕು ಇರುವುದು ಕಣ್ಣೀರಿನಲ್ಲಿ ಮತ್ತು ಗೀಜಿನಲ್ಲಿ. ಅದು ಬೆರಳಿಗೆ ಅಂಟಿ, ಬೆರಳಿನಿಂದ ನಲ್ಲಿಗೆ, ಪೆನ್ಸಿಲ್‌ಗೆ, ಮೊಬೈಲ್‌ಗೆ ಹೋಗಿ, ಅಲ್ಲಿಂದ ಇನ್ನೊಬ್ಬರ ಬೆರಳು ಹಿಡಿದು ಅವರ ಕಣ್ಣು ಸೇರುತ್ತದೆ.

ಮಳೆಗಾಲದಲ್ಲಿ ಶಾಲೆಗಳಲ್ಲಿ ಒಮ್ಮೆಲೇ ಹಬ್ಬುವ ಕಣ್ಣು ಬೇನೆಗೆ ಸಾಮಾನ್ಯವಾಗಿ ವೈರಸ್ಸೇ ಕಾರಣ. 2023ರ ಜುಲೈ–ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿ ದೇಶದ ಹಲವೆಡೆ ‘ಮದ್ರಾಸ್ ಐ’ ಹಬ್ಬಿದಾಗ, ಅನೇಕರ ಕಣ್ಣಿನ ಮಾದರಿಗಳಲ್ಲಿ ಕಾಕ್ಸಾಕಿ ಎ24 ಎಂಬ ವೈರಸ್ಸಿನ ಒಂದು ರೂಪ ಸಿಕ್ಕಿತ್ತು. ಇದು ಅವಸರದ ವೈರಸ್ಸು. ತಗುಲಿದ ಒಂದೆರಡು ದಿನದಲ್ಲೇ ಕಣ್ಣು ಕೆಂಪಾಗುತ್ತದೆ, ಕೆಲವೊಮ್ಮೆ ಬಿಳಿಗುಡ್ಡೆಯಲ್ಲಿ ರಕ್ತದ ಕಲೆಯೂ ಕಾಣುತ್ತದೆ. ಒಂದು ತರಗತಿ ಒಂದೇ ವಾರದಲ್ಲಿ ಖಾಲಿಯಾಗುವುದು ಇದರಿಂದಲೇ.

ಇನ್ನೊಂದು ಅಡಿನೋವೈರಸ್. ಇದಕ್ಕೆ ಅವಸರವಿಲ್ಲ. ತಗುಲಿ 5ರಿಂದ 12 ದಿನ ಕಳೆದ ಮೇಲೆ ಬೇನೆ ಕಾಣಿಸಿಕೊಳ್ಳುತ್ತದೆ. ನಮ್ಮ ಹುಡುಗಿಯದು ಅಡಿನೋವೈರಸ್ ಆಗಿದ್ದರೆ, ತಮ್ಮನ ಕಣ್ಣು ಕೆಂಪಾಗುವುದು ಮುಂದಿನ ವಾರ, ಅಕ್ಕ ಸುಧಾರಿಸಿಕೊಳ್ಳುತ್ತಿರುವಾಗ. ಆಗ ಮನೆಯವರು ‘ಇವನೂ ಶಾಲೆಯಿಂದ ತಂದ’ ಎನ್ನುತ್ತಾರೆ. ಅವನಿಗೆ ಅದು ಬಂದದ್ದು ಮೊದಲ ದಿನದ ಟವೆಲ್ಲಿನಿಂದ ಇರಬಹುದು. ಈ ಅಂತರ ಗೊತ್ತಿಲ್ಲದೆ ಅನೇಕ ಮನೆಗಳು ಮೂರನೇ ದಿನಕ್ಕೇ ಎಚ್ಚರ ಬಿಟ್ಟುಬಿಡುತ್ತವೆ.

ಕೊರೊನಾ ಕಾಲದಿಂದ ಚೀಲದಲ್ಲಿ ಉಳಿದುಕೊಂಡಿರುವ ಸ್ಯಾನಿಟೈಸರ್ ಇಲ್ಲಿ ಕೈಕೊಡುತ್ತದೆ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊರಪದರ ಇದ್ದುದರಿಂದ ಆಲ್ಕೋಹಾಲ್ ಅದನ್ನು ಕರಗಿಸುತ್ತಿತ್ತು. ಅಡಿನೋವೈರಸ್ಸಿಗೂ ಕಾಕ್ಸಾಕಿಗೂ ಆ ಪದರವೇ ಇಲ್ಲ. ಹಾಗಾಗಿ ಇಲ್ಲಿ ನೆಚ್ಚಬೇಕಾದದ್ದು ಸೋಪು ಮತ್ತು ಹರಿಯುವ ನೀರು. ಉಗುರಿನ ಸಂದಿಯವರೆಗೆ ಕನಿಷ್ಠ 20 ಸೆಕೆಂಡು ಉಜ್ಜಿ ತೊಳೆದರೆ ವೈರಸ್ ಕೊಚ್ಚಿಹೋಗುತ್ತದೆ. ಅಡಿನೋವೈರಸ್ ಒಣಗಿದ ಪ್ಲಾಸ್ಟಿಕ್ಕು, ಲೋಹಗಳ ಮೇಲೆ ವಾರಗಟ್ಟಲೆ ಬದುಕಬಲ್ಲದು. ಬಾಗಿಲ ಚಿಲಕ, ನಲ್ಲಿಯ ಹಿಡಿ, ಟಿವಿ ರಿಮೋಟು ಒರೆಸಬೇಕಾದದ್ದು ಅದಕ್ಕೇ. ಚಿಲಕ, ನಲ್ಲಿಗಳಿಗೆ ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ, ಹೊಸ ಬ್ಲೀಚಿಂಗ್ ಪೌಡರ್ ಕದಡಿ, ತಿಳಿ ಬಂದ ಮೇಲೆ ಅದರಲ್ಲಿ ಒರೆಸಿ. ಹತ್ತು ನಿಮಿಷ ಬಿಟ್ಟು ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಕಿಟಕಿ ತೆರೆದಿರಲಿ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಅದನ್ನು ಎಂದೂ ಬೆರೆಸಬೇಡಿ. ರಿಮೋಟು, ಮೊಬೈಲ್‌ಗಳಿಗೆ ಈ ನೀರು ಬೇಡ, ಸೋಪುನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು.

ಅಂಟಿದ ಕಣ್ಣನ್ನು ಬಿಡಿಸುವುದಕ್ಕೂ ಒಂದು ಕ್ರಮ ಇದೆ. ನೀರು ಕುದಿಸಿ, ಉಗುರುಬೆಚ್ಚಗಾಗಲು ಬಿಡಿ. ಕೈ ತೊಳೆದುಕೊಂಡು ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ, ಮುಚ್ಚಿದ ರೆಪ್ಪೆಯ ಮೇಲೆ ಒಂದೆರಡು ನಿಮಿಷ ಇಡಿ. ಗೀಜು ನೆನೆದು ಮೆತ್ತಗಾಗುತ್ತದೆ. ಒಣಗಿದ್ದನ್ನು ಎಳೆದು ಕಿತ್ತರೆ ರೆಪ್ಪೆಯ ಚರ್ಮ ಗೀರುತ್ತದೆ, ಮಗು ಮರುದಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ ಆ ಉಂಡೆಯನ್ನು ಎಸೆಯಿರಿ. ಮತ್ತೆ ಒರೆಸಲು ಹೊಸ ಉಂಡೆ, ಇನ್ನೊಂದು ಕಣ್ಣಿಗೆ ಬೇರೆಯೇ ಉಂಡೆ. ಕೊನೆಗೆ ಮತ್ತೆ ಕೈ ತೊಳೆಯಬೇಕು. ಒಂದೇ ಕಣ್ಣಿಗೆ ಬಂದ ಬೇನೆ ಎರಡು ಮೂರು ದಿನದಲ್ಲಿ ಇನ್ನೊಂದಕ್ಕೂ ದಾಟಲು ಒಂದೇ ಬಟ್ಟೆಯಿಂದ ಎರಡನ್ನೂ ಒರೆಸುವುದು ದೊಡ್ಡ ಕಾರಣ.

ಮಗುವಿಗೆ ಪ್ರತ್ಯೇಕ ಟವೆಲ್ ಕೊಟ್ಟರೆ ಸಾಲದು, ಅದನ್ನು ಬೇರೆ ಕಡೆ ನೇತುಹಾಕಬೇಕು. ಬಚ್ಚಲಿನ ಒಂದೇ ಮೊಳೆಗೆ ನಾಲ್ಕು ಟವೆಲ್ ಹಾಕಿದರೆ ಬೇರೆ ಇಟ್ಟೂ ಪ್ರಯೋಜನವಿಲ್ಲ. ದಿಂಬಿನ ಚೀಲ ದಿನಾ ಬದಲಾಗಲಿ. ಟವೆಲ್ಲು, ದಿಂಬಿನ ಚೀಲಗಳನ್ನು ಬಿಸಿನೀರು, ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲೇ ಕಾಣದ ಮಲೆನಾಡಿನಲ್ಲಿ ಪೂರ್ತಿ ಒಣಗುವವರೆಗೆ ಇಸ್ತ್ರಿ ಹಾಕಬಹುದು. ಮನೆಯವರೆಲ್ಲ ಹಚ್ಚಿಕೊಳ್ಳುವ ಕಾಡಿಗೆ ಡಬ್ಬಿಯನ್ನು ಎಸೆದುಬಿಡಿ.

ಔಷಧಿ ಅಂಗಡಿಯಲ್ಲಿ ‘ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ’ ಎಂದು ಕೇಳಿ ತರುವುದು ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವ ಸಂಗತಿ. ವೈರಸ್ಸಿನ ಬೇನೆಗೆ ಆ್ಯಂಟಿಬಯಾಟಿಕ್ ಹನಿ ಕೆಲಸ ಮಾಡುವುದಿಲ್ಲ. ಅದು ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಹಗಲಿಡೀ ದಪ್ಪ ಹಳದಿ ಕೀವು ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು, ಅಂಥ ಕಣ್ಣಿಗೆ ವೈದ್ಯರು ಬರೆದ ಹನಿಯಿಂದ ಬೇಗ ಗುಣ ಸಿಗುತ್ತದೆ. ಎರಡೂ ಕಣ್ಣು ವಿಪರೀತ ತುರಿಸಿ, ಸೀನೂ ಜೊತೆಗಿದ್ದರೆ ಅದು ಅಲರ್ಜಿ ಇದ್ದೀತು, ಅಲರ್ಜಿ ಹರಡುವುದಿಲ್ಲ. ಅಪಾಯ ಇರುವುದು ಸ್ಟೀರಾಯ್ಡ್ ಬೆರೆತ ಹನಿಯಲ್ಲಿ. ಅದು ಒಂದೇ ದಿನದಲ್ಲಿ ಕೆಂಪು ಇಳಿಸಿ ಗುಣವಾದಂತೆ ಕಾಣಿಸುತ್ತದೆ. ಆದರೆ ಬೇನೆಯ ಮೂಲ ಹರ್ಪಿಸ್ ವೈರಸ್ಸಾಗಿದ್ದರೆ ಕರಿಗುಡ್ಡೆಯ ಮೇಲೆ ಹುಣ್ಣು ಹೆಚ್ಚಿಸಿ ದೃಷ್ಟಿಗೇ ಧಕ್ಕೆ ತರಬಹುದು. ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ. ಪಕ್ಕದ ಮನೆಯವರು ಹಾಕಿ ಮಿಗಿಸಿದ ಬಾಟಲಿಯೂ ಬೇಡ, ಅದರ ತುದಿ ಅವರ ರೆಪ್ಪೆಗೆ ತಗುಲಿರುತ್ತದೆ. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಜೇನುತುಪ್ಪಗಳನ್ನು ಉರಿಯುವ ಕಣ್ಣಿಗೆ ಹಾಕಿದರೆ ಹೊಸ ರೋಗಾಣು ಸೇರಿಕೊಳ್ಳಬಹುದು. ನಮ್ಮ ಅಜ್ಜಿಯರು ಒಳ್ಳೆಯದನ್ನೇ ಬಯಸಿ ಹೇಳಿದ್ದರೂ ಅವನ್ನು ಕಣ್ಣಿನಿಂದ ದೂರ ಇಡುವುದೇ ಕ್ಷೇಮ.

ಕೆಲವು ಲಕ್ಷಣ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ನೋಟ ಮಂಜಾಗಿ ಗೀಜು ಒರೆಸಿದ ಮೇಲೂ ತಿಳಿಯಾಗದಿರುವುದು, ಬೆಳಕು ಕಂಡರೆ ಕಣ್ಣು ಬಿಡಲಾಗದಿರುವುದು, ಚುಚ್ಚುವಿಕೆಗಿಂತ ಆಳದ ನೋವು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಹುಟ್ಟಿ ಒಂದು ತಿಂಗಳೊಳಗಿನ ಕೂಸಿನ ಕಣ್ಣಲ್ಲಿ ಕೀವು ಕಂಡರಂತೂ ಒಂದು ಗಂಟೆಯನ್ನೂ ಕಾಯಬಾರದು. ಅಡಿನೋವೈರಸ್ ಬಂದು ಹೋದ ಮೇಲೆ ಕೆಲವು ಮಕ್ಕಳಿಗೆ ಎರಡನೇ ವಾರದಲ್ಲಿ ಬೋರ್ಡು ಮಸುಕಾಗಿ ಕಾಣುವುದುಂಟು. ಅದನ್ನೂ ತೋರಿಸಬೇಕು.

ಶಾಲೆಗೆ ಯಾವಾಗ ಕಳಿಸಬೇಕು? ಬ್ಯಾಕ್ಟೀರಿಯಾದ ಬೇನೆಯಾದರೆ ವೈದ್ಯರು ಕೊಟ್ಟ ಹನಿ ಶುರುವಾಗಿ 24 ಗಂಟೆ ಕಳೆದು ಕೀವು ಕಡಿಮೆಯಾದ ಮೇಲೆ ಸಾಮಾನ್ಯವಾಗಿ ಕಳಿಸಬಹುದು. ವೈರಸ್ಸಿನದಾದರೆ ಕಣ್ಣು ಕೆಂಪಾಗಿದ್ದು ನೀರು ಸುರಿಯುವಷ್ಟು ದಿನವೂ ಅದು ಹರಡುತ್ತಲೇ ಇರುತ್ತದೆ, ಅಡಿನೋವೈರಸ್ಸಿನಲ್ಲಿ ಇದು ಹತ್ತು, ಹದಿನಾಲ್ಕು ದಿನದವರೆಗೂ ಎಳೆಯಬಹುದು. ಪರೀಕ್ಷೆಯ ದಿನ ಬಂದಿದ್ದರೆ ಹೆಡ್‌ಮೇಷ್ಟ್ರಿಗೆ ಮುಚ್ಚಿಡದೆ ಹೇಳಿ, ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸಲು ಕೇಳಿ. ಪೆನ್ನು, ಪೆನ್ಸಿಲ್, ರಬ್ಬರು ಎಲ್ಲವೂ ಅದರದ್ದೇ ಇರಲಿ, ಜೇಬಿನಲ್ಲಿ ಕರವಸ್ತ್ರದ ಬದಲು ಒರೆಸಿ ಎಸೆಯುವ ಕಾಗದವನ್ನು ಇಟ್ಟು ಕಳಿಸಿ.