ಕಿವಿಯಲ್ಲಿ ನೋವು, ಹಲ್ಲಿನಲ್ಲಿ ಹುಳುಕು

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನಿಗೆ ಮೂರು ವಾರ ಬಲಗಿವಿ ನೋವು. ಮೊದಲು ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟುಕೊಂಡರು, ಆಮೇಲೆ ಮೆಡಿಕಲ್ ಶಾಪಿನ ಡ್ರಾಪ್ಸ್. ಕೊನೆಗೆ ಶಿವಮೊಗ್ಗದಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು ಪರೀಕ್ಷಿಸಿ, "ಕಿವಿ ಚೆನ್ನಾಗಿದೆ ಅಮ್ಮ, ಹಲ್ಲಿನ ಡಾಕ್ಟರಿಗೆ ತೋರಿಸಿ" ಎಂದರು. ಅವತ್ತು ಸಂಜೆ ಚಿಕ್ಕಮ್ಮ ನನಗೆ ಫೋನ್ ಮಾಡಿದರು. "ಕಿವಿ ನೋವು ಅಂದ್ರೆ ಹಲ್ಲು ತೋರಿಸು ಅಂತಾರಲ್ಲೋ, ನಾನೇನು ಸುಳ್ಳು ಹೇಳ್ತಿದೀನಾ?"

ಸುಳ್ಳಲ್ಲ. ಡಾಕ್ಟರು ಹೇಳಿದ್ದೂ ಸರಿಯೇ. ಅವರು ಕಿವಿಯ ಹಾಲೆಯನ್ನು ಹಿಡಿದು ಎಳೆದಿದ್ದರು, ಕಿವಿತೂತಿನ ಮುಂದಿರುವ ಪುಟ್ಟ ದಿಬ್ಬವನ್ನು ಒತ್ತಿದ್ದರು. ಕಿವಿಯ ನಾಳದಲ್ಲಿ ಸೋಂಕಿದ್ದರೆ ಅಷ್ಟಕ್ಕೇ ಚಿಕ್ಕಮ್ಮ ಚೀರಬೇಕಿತ್ತು, ಚೀರಲಿಲ್ಲ. ಬೆಳಕು ಬಿಟ್ಟು ನೋಡಿದರೆ ತಮಟೆ ಮುತ್ತಿನ ಬೂದು ಬಣ್ಣದಲ್ಲಿ ಹೊಳೆಯುತ್ತಿತ್ತು. ನಡುಗಿವಿಯಲ್ಲಿ ಕೀವು ತುಂಬಿದ್ದರೆ ಅದು ಕೆಂಪಾಗಿ ಹೊರಕ್ಕೆ ಉಬ್ಬಿರಬೇಕು. ಕಿವಿಯ ಹಿಂದಿನ ಮೂಳೆ ಒತ್ತಿದರೂ ನೋವಿಲ್ಲ, ಕೇಳುವುದರಲ್ಲೂ ಕೊರತೆಯಿಲ್ಲ. ಜೋರಾಗಿ ನೋಯುವ ಕಿವಿ ಇಷ್ಟು ಆರೋಗ್ಯವಾಗಿ ಕಂಡರೆ ನೋವು ಬೇರೆ ಕಡೆಯಿಂದ ಬರುತ್ತಿದೆ ಎಂದು ಅನುಮಾನಿಸಲೇಬೇಕು.

ಬೇರೆ ಕಡೆಯ ನೋವು ಕಿವಿಗೆ ಬರುವುದು ಹೇಗೆ? ಇದನ್ನು ಚಿಕ್ಕಮ್ಮನಿಗೆ ಅವರ ಅಡಿಕೆ ತೋಟವನ್ನೇ ತೋರಿಸಿ ಹೇಳಿದೆ. ತೋಟದ ಸಾಲುಗಳ ನಡುವಿನ ಬಸಿಗಾಲುವೆಗಳೆಲ್ಲ ಕೆಳಗೆ ಒಂದೇ ದೊಡ್ಡ ಕಾಲುವೆಗೆ ಸೇರುತ್ತವೆ. ಮಳೆಗಾಲದಲ್ಲಿ ಅಲ್ಲಿ ನಿಂತವನಿಗೆ ಕೆಂಪು ನೀರು ಬಂದದ್ದು ಕಾಣುತ್ತದೆ, ಆದರೆ ಯಾವ ಸಾಲಿನ ಮಣ್ಣು ಕೊಚ್ಚಿ ಬಂತೆಂದು ನೀರು ನೋಡಿ ಹೇಳಲಾಗದು. ಹಿಂದೆಲ್ಲ ಯಾವ ಸಾಲಿನಿಂದ ಬರುತ್ತಿತ್ತೋ ಅದರ ಮೇಲೇ ಗುಮಾನಿ. ತಲೆಯೊಳಗೂ ಹೀಗೇ. ಕಿವಿಯ ನೋವನ್ನು ಹೊತ್ತೊಯ್ಯಲು ಮಿದುಳಿನಿಂದ ಹೊರಡುವ ನಾಲ್ಕು ನರಗಳ ಕವಲುಗಳಿವೆ, ಅವುಗಳ ಜೊತೆ ಕತ್ತಿನಿಂದ ಬರುವ ನರಗಳೂ ಇವೆ. ಇಷ್ಟು ಸಣ್ಣ ಜಾಗಕ್ಕೆ ಇಷ್ಟೊಂದು ನರಗಳಿರುವುದು ದೇಹದಲ್ಲಿ ಅಪರೂಪ. ಅವೇ ನರಗಳ ಬೇರೆ ಕವಲುಗಳು ಹಲ್ಲು, ದವಡೆ, ನಾಲಿಗೆಯ ಬುಡ, ಗಂಟಲು, ಧ್ವನಿಪೆಟ್ಟಿಗೆಗೂ ಹೋಗಿವೆ. ಎಲ್ಲದರ ನೋವಿನ ಎಳೆಗಳೂ ಮಿದುಳಬಳ್ಳಿಯ ಮೇಲ್ತುದಿಯವರೆಗೆ ಇಳಿದಿರುವ ಒಂದೇ ಉದ್ದನೆಯ ನರಕೇಂದ್ರಕ್ಕೆ ಬಂದು ಸೇರುತ್ತವೆ. ಹಲ್ಲಿನಿಂದ ಬಂದ ಎಳೆ, ಕಿವಿಯಿಂದ ಬಂದ ಎಳೆ ಎರಡೂ ಅಲ್ಲಿ ಒಂದೇ ಜೀವಕೋಶವನ್ನು ಕೆರಳಿಸಬಲ್ಲವು. ಮೇಲಿರುವ ಮಿದುಳಿಗೆ ಸಿಗುವುದು ಆ ಕೋಶದ ಕೂಗು ಮಾತ್ರ. ಕೂಗಿಸಿದ್ದು ಕಿವಿಯೇ ಎಂದು ಅದು ತಿಳಿಯುತ್ತದೆ.

ಕಾಲುವೆಯ ಹೋಲಿಕೆ ನನಗೆ ಇಷ್ಟವಾಗುವುದಕ್ಕೆ ಇನ್ನೊಂದು ಕಾರಣವಿದೆ. ಮಣ್ಣು ಯಾವ ಸಾಲಿನದೆಂದು ತಿಳಿಯಬೇಕಾದರೆ ಒಂದೊಂದೇ ಬಸಿಗಾಲುವೆಯ ಬಾಯಿ ಕಟ್ಟಿ, ಕೆಳಗೆ ನೀರು ತಿಳಿಯಾಯಿತೇ ಎಂದು ನೋಡಬೇಕು. ಹಲ್ಲಿನ ಡಾಕ್ಟರು ಮಾಡಿದ್ದೂ ಇದನ್ನೇ.

ಅವರು ಮೊದಲು ಕೇಳಿದ್ದು ತಣ್ಣೀರಿನ ವಿಷಯ. ಬಾವಿಯ ತಣ್ಣೀರು ಬಾಯಿಗೆ ಹಾಕಿದರೆ ಕಿವಿ ಜುಂ ಎನ್ನುತ್ತದೆ, ರಾತ್ರಿ ಮಲಗಿದರೆ ನೋವು ಏರುತ್ತದೆ ಎಂದು ಚಿಕ್ಕಮ್ಮ ಹೇಳಿದರು. ಕಿವಿಯ ಡಾಕ್ಟರ ಹತ್ತಿರ ಇದನ್ನು ಹೇಳಿರಲೇ ಇಲ್ಲ, ಕಿವಿಗೂ ನೀರು ಕುಡಿಯುವುದಕ್ಕೂ ಏನು ಸಂಬಂಧ ಎಂದು. ಡಾಕ್ಟರು ಬಲಗಡೆಯ ಹಲ್ಲುಗಳನ್ನು ಒಂದೊಂದಾಗಿ ಉಪಕರಣದ ಹಿಡಿಯಿಂದ ತಟ್ಟಿದರು. ಯಾವುದೂ ನೋಯಲಿಲ್ಲ. ಇಲ್ಲಿ ಎಷ್ಟೋ ಜನ ದಾರಿ ತಪ್ಪುತ್ತಾರೆ. ಹಲ್ಲಿನ ಒಳಗಿನ ತಿರುಳು ಮಾತ್ರ ಉರಿಯುತ್ತಿದ್ದು, ಉರಿಯೂತ ಬೇರಿನ ತುದಿ ದಾಟಿ ಹೊರಗೆ ಹರಡಿಲ್ಲದಿದ್ದರೆ ತಟ್ಟಿದಾಗ ನೋವಾಗುವುದಿಲ್ಲ. ಯಾವ ಹಲ್ಲೆಂದು ರೋಗಿಗೂ ಗೊತ್ತಾಗುವುದಿಲ್ಲ. ಮೇಲಿನದೋ ಕೆಳಗಿನದೋ ಎಂಬುದೇ ಗೊಂದಲ, ಎಡ ಬಲ ಮಾತ್ರ ಸಾಮಾನ್ಯವಾಗಿ ತಪ್ಪುವುದಿಲ್ಲ. ಹಾಗಾಗಿ ಡಾಕ್ಟರು ಹತ್ತಿಯ ಉಂಡೆಯನ್ನು ತಣ್ಣಗೆ ಮಾಡಿ ಪ್ರತಿ ಹಲ್ಲಿಗೂ ಮುಟ್ಟಿಸಿದರು. ಆರೋಗ್ಯವಾದ ಹಲ್ಲು ಚಳಕ್ ಎಂದು ಕೆಲವೇ ಕ್ಷಣದಲ್ಲಿ ಸುಮ್ಮನಾಗುತ್ತದೆ. ಕೆಳಗಿನ ಸಾಲಿನ ಒಂದು ದವಡೆ ಹಲ್ಲಿಗೆ ಮುಟ್ಟಿಸಿದಾಗ ಹತ್ತಿ ತೆಗೆದ ಮೇಲೂ ಅರ್ಧ ನಿಮಿಷ ನೋವು ಉಳಿಯಿತು, ಅದೂ ಕಿವಿಯಲ್ಲಿ. ಎಕ್ಸ್‌ರೇಯಲ್ಲಿ ಆ ಹಲ್ಲಿನ ಹಳೆಯ ಫಿಲ್ಲಿಂಗಿನ ಅಡಿಗೆ ಹುಳುಕು ಕಪ್ಪಗೆ ತಿರುಳಿನವರೆಗೆ ಇಳಿದಿತ್ತು.

ಆಮೇಲೆ ಕಾಲುವೆ ಕಟ್ಟುವ ಕೆಲಸ. ಆ ಒಂದು ಹಲ್ಲಿನ ಬೇರಿನ ಸುತ್ತ ಮಾತ್ರ ಮರಗಟ್ಟುವಂತೆ ಸ್ವಲ್ಪವೇ ಲಿಗ್ನೊಕೇನ್ ಚುಚ್ಚಿದರು. ಕೆಲವು ನಿಮಿಷಗಳಲ್ಲಿ ಕಿವಿ ನೋವು ನಿಂತಿತು. ಕಿವಿಗೆ ಏನೂ ಮಾಡದೆ ಕಿವಿ ನೋವು ನಿಂತದ್ದನ್ನು ಕಂಡ ಮೇಲೆಯೇ ಚಿಕ್ಕಮ್ಮ ರೂಟ್ ಕೆನಾಲಿಗೆ ಒಪ್ಪಿದ್ದು. ಈ ಪರೀಕ್ಷೆಗೂ ಮಿತಿಯಿದೆ. ದವಡೆಯ ಮೇಲ್ಭಾಗದಲ್ಲಿ ದೊಡ್ಡ ನರವನ್ನೇ ಮರಗಟ್ಟಿಸಿದರೆ ಕಿವಿಗೆ ಹೋಗುವ ಕವಲೂ ಜೋಮು ಹಿಡಿಯಬಹುದು. ಆಗ ನೋವು ನಿಂತರೂ ತಪ್ಪು ಹಲ್ಲಿನದೆಂದು ಹೇಳಲಾಗದು. ಚುಚ್ಚುವ ಜಾಗ ಆದಷ್ಟು ಕಿರಿದಾಗಿರಬೇಕು.

ಹಲ್ಲೂ ಸರಿಯಿದ್ದರೆ ಮುಂದಿನ ಅನುಮಾನ ದವಡೆಯ ಕೀಲಿನ ಮೇಲೆ. ಈ ಕೀಲು ಕಿವಿಯ ನಾಳಕ್ಕೆ ತಾಗಿಕೊಂಡೇ ಇದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಅದು ಜಾರುವುದು ಕೈಗೆ ಸಿಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲಿ 11 ರೋಗಿಗಳ ಬಗ್ಗೆ ಬರೆದು, ದವಡೆ ಹಲ್ಲು ಉದುರಿದವರಲ್ಲಿ ಕೀಲು ಹಿಂದಕ್ಕೆ ಸರಿದು ಅಲ್ಲಿನ ನರವನ್ನು ಅದುಮುತ್ತದೆ, ಅದರಿಂದ ಕಿವಿ ನೋವು ಎಂದ. ಕೀಲಿಗೂ ಕಿವಿ ನೋವಿಗೂ ನಂಟಿದೆ ಎಂದು ಅವನು ಗಮನಿಸಿದ್ದು ಸರಿ, ಕೊಟ್ಟ ಕಾರಣ ತಪ್ಪು. ಕೀಲು ನರವನ್ನು ಹಾಗೆ ಅದುಮುವುದಿಲ್ಲವೆಂದು ಅಂಗರಚನಾ ತಜ್ಞರು ನಂತರ ತೋರಿಸಿದರು. ಕೀಲಿನ ಚೀಲ ಅಥವಾ ಅಗಿಯುವ ಸ್ನಾಯುಗಳೇ ನೊಂದು, ಆ ನೋವು ಕಿವಿಯಲ್ಲಿ ಕಾಣುವುದೇ ಹೆಚ್ಚು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಇದು ಬೆಳಗ್ಗೆ ಜೋರು. ಡಾಕ್ಟರು ಕೆನ್ನೆಯ ಸ್ನಾಯುವನ್ನು ಒತ್ತಿ "ನಿಮ್ಮದು ಇದೇ ನೋವಾ?" ಎಂದು ಕೇಳುತ್ತಾರೆ. ಒತ್ತಿದಾಗ ನೋವಾದರೆ ಸಾಲದು, ರೋಗಿ ದಿನವೂ ಪಡುವ ಅದೇ ನೋವು ಬರಬೇಕು. ಬಾಯಿ ತೆರೆಯುವಾಗ ಕಟ್ ಎಂದು ಸದ್ದಾಗುವುದು ಆರೋಗ್ಯವಂತರಲ್ಲೂ ಮಾಮೂಲು, ಬರೀ ಅದನ್ನು ನಂಬಿ ಚಿಕಿತ್ಸೆಗೆ ಹಣ ಸುರಿಯಬೇಕಿಲ್ಲ.

ನಾನು ಹೆದರುವುದು ಗಂಟಲಿಗೆ. ಟಾನ್ಸಿಲ್ ತೆಗೆಸಿಕೊಂಡ ಮಕ್ಕಳು ನಾಲ್ಕೈದು ದಿನ ಕಳೆದ ಮೇಲೆ ಕಿವಿ ಹಿಡಿದು ಅಳುತ್ತಾರೆ, ಅದು ಗಾಯ ಒಣಗಿದಂತೆ ತಾನೇ ಹೋಗುತ್ತದೆ. ಆದರೆ ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ, ಕುಡಿತದ ಅಭ್ಯಾಸವಿದ್ದ ನಡುವಯಸ್ಸಿನವರಿಗೆ ಒಂದೇ ಕಡೆಯ ಕಿವಿ ನೋವು ಮೂರು ವಾರ ದಾಟಿದ್ದು, ಕಿವಿ ಚೆನ್ನಾಗಿದ್ದರೆ ನಾಲಿಗೆಯ ಬುಡ, ಟಾನ್ಸಿಲ್, ಧ್ವನಿಪೆಟ್ಟಿಗೆಯ ಪಕ್ಕದ ಗುಳಿಗಳನ್ನು ನೋಡದೆ ಬಿಡಬಾರದು. ಅಲ್ಲಿ ಬೆಳೆಯುವ ಕ್ಯಾನ್ಸರಿನ ಮೊದಲ ದೂರು ಕೆಲವೊಮ್ಮೆ ಕಿವಿ ನೋವೊಂದೇ ಆಗಿರುತ್ತದೆ. ನುಂಗಲು ಕಷ್ಟ, ದನಿ ಒಡೆಯುವುದು, ಕತ್ತಿನಲ್ಲಿ ಗಂಟು ಸೇರಿಕೊಂಡರಂತೂ ತಡಮಾಡಲೇಬಾರದು.

ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಟಾನ್ಸಿಲ್ ಕಾಣುತ್ತದೆ, ಉಳಿದ ಜಾಗಗಳು ಕಾಣುವುದಿಲ್ಲ. ಮೂಗಿನಿಂದ ಬಾಗುವ ತೆಳು ಕೊಳವೆಯ ಕ್ಯಾಮೆರಾ ಇಳಿಸಿ ನೋಡುತ್ತಾರೆ, ಓಪಿಡಿಯಲ್ಲೇ ಕೆಲವು ನಿಮಿಷದ ಕೆಲಸ. ಅದರಲ್ಲೂ ಮೇಲ್ಪದರ ನುಣುಪಾಗಿ ಕಂಡು, ಗೆಡ್ಡೆ ನಾಲಿಗೆಯ ಬುಡದ ಮಾಂಸದೊಳಗೆ ಅಡಗಿರಬಹುದು. ಅದಕ್ಕೇ ಅನುಭವಿ ಡಾಕ್ಟರು ಕ್ಯಾಮೆರಾ ತೆಗೆದ ಮೇಲೆ ಗ್ಲೌಸ್ ಹಾಕಿದ ಬೆರಳನ್ನು ನಾಲಿಗೆಯ ಹಿಂದಕ್ಕೆ ಇಳಿಸಿ, ಎರಡೂ ಪಕ್ಕ ಒತ್ತಿ ನೋಡುತ್ತಾರೆ. ರೋಗಿಗೆ ವಾಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಒಂದು ಪಕ್ಕ ಮೆತ್ತಗಿದ್ದು ಇನ್ನೊಂದು ಪಕ್ಕ ಗಟ್ಟಿಯಾಗಿ ಸಿಕ್ಕರೆ ಅವತ್ತೇ ಸ್ಕ್ಯಾನಿಗೆ ಬರೆಯುತ್ತಾರೆ.