ಸಂಘದ ಪರದೆಯ ಮೇಲೆ ಶಿರಸಿಯ ಮಳೆ

ಮಳೆಗಾಲದ ನಡುವೆ ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ಮಳೆಯ ಲೆಕ್ಕ ಬೇಕಾಗುವುದು ಮುಖ್ಯವಾಗಿ ಕೊಳೆ ಮದ್ದಿನ ಸಲುವಾಗಿ. ಮಳೆ ಹಿಡಿಯುವ ಮೊದಲು ಒಂದು ಸುತ್ತು ಬೋರ್ಡೋ ಹೊಡೆಸಿರುತ್ತಾರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನೇ ಸುತ್ತು 40–45 ದಿನ ಕಳೆದ ಮೇಲೆ. ಅಷ್ಟರಲ್ಲಿ ಮಳೆ ಬಿಡುವು ಕೊಡಬೇಕು, ಕೊನೆಗೌಡರೂ ಸಿಗಬೇಕು. ತಡವಾದರೆ, ಒಂದೇ ಸಮನೆ ಮಳೆ ಸುರಿದು ಉಷ್ಣಾಂಶ 20–23 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ, ಕೊಳೆ ರೋಗದ ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಕಳೆದ ಹತ್ತು ದಿನ ಎಷ್ಟು ಮಳೆ ಬಿತ್ತು, ಎಷ್ಟು ದಿನ ಬಿಡುವಾಯಿತು ಎಂಬುದು ಊರಿನ ಸಹಕಾರಿ ಸಂಘದ ಕಚೇರಿಯಲ್ಲಿ ಪರದೆಯ ಮೇಲೆ ಕಂಡರೆ, ಮೈಲುತುತ್ತು ಒಯ್ಯಲು ಬಂದ ಸದಸ್ಯರು ಅಲ್ಲೇ ನಿಂತು ಲೆಕ್ಕ ಹಾಕಬಹುದು.

ಇಂಥ ಡ್ಯಾಶ್‌ಬೋರ್ಡ್ ಕಟ್ಟಲು ದೊಡ್ಡ ಖರ್ಚಿಲ್ಲ. ಓಪನ್-ಮೀಟಿಯೊ ಎಂಬ ಹವಾಮಾನ ಮಾಹಿತಿ ಸೇವೆ ವಾಣಿಜ್ಯೇತರ ಬಳಕೆಗೆ ಉಚಿತ, ನೋಂದಣಿಯೂ ಬೇಡ. ಮಾಹಿತಿಯ ಮೂಲ ಯಾವುದೆಂದು ಪರದೆಯ ಮೇಲೆ ತೋರಿಸಿದರಾಯಿತು. ಮಾರಾಟ ವ್ಯವಹಾರವೂ ಇರುವ ಸಂಘ ತನ್ನ ಬಳಕೆ ಆ ಷರತ್ತಿನೊಳಗೆ ಬರುತ್ತದೆಯೇ ಎಂದು ಮೊದಲೇ ಓದಿಕೊಳ್ಳಬೇಕು. ಊರಿನ ಅಕ್ಷಾಂಶ, ರೇಖಾಂಶ ಕೊಟ್ಟು ಒಂದು ವಿಳಾಸವನ್ನು ಕೇಳಿದರೆ ಗಂಟೆಗಂಟೆಯ ಮಳೆ ಮತ್ತು ಉಷ್ಣಾಂಶದ ಅಂಕಿಗಳು ಬರುತ್ತವೆ. ಶಿರಸಿ ಪೇಟೆಗೆ ಆ ವಿಳಾಸ ಹೀಗಿರುತ್ತದೆ:

```
https://api.open-meteo.com/v1/forecast?latitude=14.62&longitude=74.84&hourly=precipitation,temperature_2m&past_days=10&forecast_days=1&timezone=GMT
```

ಗೂಗಲ್ ಶೀಟ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ದಿನವೂ ಬೆಳಿಗ್ಗೆ ತಾನಾಗಿ ಓಡುವಂತೆ ಹೊತ್ತು ನಿಗದಿ ಮಾಡಿದರೆ ಅದು ಈ ವಿಳಾಸದಿಂದ ಅಂಕಿ ತಂದು ಹಾಳೆ ತುಂಬುತ್ತದೆ. ಹಾಳೆಯಿಂದ ನಕ್ಷೆ ಮೂಡುತ್ತದೆ. ಕಂಪ್ಯೂಟರ್ ಕಲಿತ ಊರಿನ ಹುಡುಗ ಹುಡುಗಿಯರಿಗೆ ಇದು ಒಂದೆರಡು ದಿನದ ಕೆಲಸ. ಕಷ್ಟವಿರುವುದು ಬಂದ ಅಂಕಿಯನ್ನು ಸರಿಯಾಗಿ ಓದುವುದರಲ್ಲಿ.

ವಿಳಾಸದ ಕೊನೆಯಲ್ಲಿ ಗ್ರೀನ್‌ವಿಚ್ ಸಮಯ ಕೇಳಿರುವುದಕ್ಕೆ ಕಾರಣವಿದೆ. ಹವಾಮಾನ ಇಲಾಖೆಯ ಮಳೆಯ ದಿನ ನಡುರಾತ್ರಿಗೆ ಬದಲಾಗುವುದಿಲ್ಲ. ನಿನ್ನೆ ಬೆಳಿಗ್ಗೆ 8:30ರಿಂದ ಇಂದು ಬೆಳಿಗ್ಗೆ 8:30ರವರೆಗೆ ಬಿದ್ದದ್ದು ಇಂದಿನ ಮಳೆ. ಮಾಹಿತಿ ಸೇವೆಯಿಂದ ದಿನದ ಒಟ್ಟು ಮಳೆಯನ್ನು ನೇರವಾಗಿ ಕೇಳಿದರೆ ಅದು ನಡುರಾತ್ರಿಯಿಂದ ನಡುರಾತ್ರಿಗೆ ಕೂಡಿಸಿ ಕೊಡುತ್ತದೆ. ಇದರಿಂದ ಏನಾಗುತ್ತದೆಂದು ಒಂದು ಉದಾಹರಣೆಯಲ್ಲಿ ನೋಡೋಣ. ಜುಲೈ 11ರ ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ 40 ಮಿಲಿಮೀಟರ್ ಸುರಿಯಿತು, ಅದೇ ದಿನ ಮಧ್ಯಾಹ್ನ ಮತ್ತೆ 25 ಬಂತು, ಆಮೇಲೆ ಹೊಳವಾಯಿತು ಎಂದಿಟ್ಟುಕೊಳ್ಳಿ. ನಡುರಾತ್ರಿಯ ಲೆಕ್ಕದಲ್ಲಿ 11ನೇ ತಾರೀಖಿಗೆ 65, 12ಕ್ಕೆ ಸೊನ್ನೆ. ಮಳೆಮಾಪಕ ನೋಡಿ ಬರೆದ ಪುಸ್ತಕದಲ್ಲಿ 11ಕ್ಕೆ 40, 12ಕ್ಕೆ 25. ಇಲಾಖೆಯ ವರ್ಗೀಕರಣದಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ. ಪರದೆ ಭಾರಿ ಮಳೆ ಎಂದು ಕೆಂಪು ಬಣ್ಣ ತೋರಿಸುತ್ತದೆ, ಪುಸ್ತಕದಲ್ಲಿ ಎರಡೂ ದಿನ ಸಾಧಾರಣ ಮಳೆ. ಎರಡರಲ್ಲೂ ನೀರು ಅಷ್ಟೇ ಬಿದ್ದಿದೆ, ದಿನದ ಗಡಿ ಮಾತ್ರ ಬೇರೆ.

ನಮ್ಮ 8:30 ಎಂದರೆ ಗ್ರೀನ್‌ವಿಚ್‌ನ ಸರಿಯಾಗಿ 3 ಗಂಟೆ. ಈ ಸೇವೆಯಲ್ಲಿ ಪ್ರತಿ ಗಂಟೆಯ ಮಳೆ ಎಂದರೆ ಅದಕ್ಕೆ ಹಿಂದಿನ ಒಂದು ಗಂಟೆಯಲ್ಲಿ ಬಿದ್ದದ್ದು. ಹಾಗಾಗಿ ನಿನ್ನೆಯ 4 ಗಂಟೆಯ ಅಂಕಿಯಿಂದ ಇಂದಿನ 3 ಗಂಟೆಯ ಅಂಕಿಯವರೆಗೆ 24 ಅಂಕಿಗಳನ್ನು ಕೂಡಿಸಿದರೆ ಇಲಾಖೆಯ ದಿನಕ್ಕೆ ಹೊಂದುವ ಮಳೆ ಸಿಗುತ್ತದೆ. ಆ 24 ಗಂಟೆಗಳ ಉಷ್ಣಾಂಶದಲ್ಲಿ ಹೆಚ್ಚಿನದು, ಕಡಿಮೆಯದು ಹೆಕ್ಕಿಕೊಂಡರೆ ಅದೂ ಆಯಿತು. ಸ್ಕ್ರಿಪ್ಟ್ ಬೆಳಿಗ್ಗೆ ಒಂಬತ್ತರ ಮೇಲೆ ಓಡಲಿ. ಆರಕ್ಕೇ ಓಡಿಸಿದರೆ ಇನ್ನೂ ಬೀಳದ ಎರಡೂವರೆ ಗಂಟೆಯ ಮಳೆ ಮುನ್ಸೂಚನೆಯಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನೊಂದು ತಪ್ಪು ಸೊನ್ನೆಯದು. ನೆಟ್‌ವರ್ಕ್ ಕೈಕೊಟ್ಟರೆ ಅಥವಾ ಸೇವೆಯಿಂದ ಕೆಲವು ಗಂಟೆಯ ಅಂಕಿ ಬಾರದಿದ್ದರೆ ಹಾಳೆಯ ಆ ಮನೆಗಳು ಖಾಲಿ ಉಳಿಯುತ್ತವೆ. ಕೂಡುವ ಸೂತ್ರ ಖಾಲಿ ಮನೆಯನ್ನು ಸೊನ್ನೆಯೆಂದೇ ಎಣಿಸುತ್ತದೆ. ಮಳೆ ಬರದ ದಿನವೂ ಮಾಹಿತಿ ಬಾರದ ದಿನವೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ, ಮದ್ದು ಹೊಡೆಸಲು ಬಿಡುವು ಸಿಕ್ಕಿತ್ತೆಂದು ಸದಸ್ಯರು ನಂಬುತ್ತಾರೆ. ಆದ್ದರಿಂದ ಕೂಡಿಸುವ ಮುನ್ನ 24 ಅಂಕಿಗಳೂ ಇವೆಯೇ ಎಂದು ಸ್ಕ್ರಿಪ್ಟ್ ಎಣಿಸಬೇಕು. ಒಂದು ಕಡಿಮೆಯಿದ್ದರೂ ಆ ದಿನದೆದುರು ‘ಮಾಹಿತಿ ಇಲ್ಲ’ ಎಂದೇ ಬರಬೇಕು. ಕೊನೆಯ ಬಾರಿ ಮಾಹಿತಿ ಬಂದ ದಿನ, ಗಂಟೆ ಪರದೆಯ ಮೇಲೆ ದೊಡ್ಡದಾಗಿ ಇರಲಿ. ದಿನವೂ ಹೊಸ ಸಾಲು ಸೇರಿಸುತ್ತ ಹೋಗುವ ಬದಲು ಹಿಂದಿನ ಹತ್ತು ದಿನಗಳನ್ನು ತಾರೀಖು ನೋಡಿ ತಿದ್ದಿ ಬರೆಯುವುದು ಕ್ಷೇಮ. ಆಗ ಸ್ಕ್ರಿಪ್ಟ್ ಅಪ್ಪಿತಪ್ಪಿ ಎರಡು ಸಲ ಓಡಿದರೂ ಮಳೆ ಇಮ್ಮಡಿಯಾಗದು, ಕೆಟ್ಟು ನಿಂತ ದಿನಗಳೂ ಆಮೇಲೆ ತುಂಬಿಕೊಳ್ಳುತ್ತವೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಉಳಿಯುವ ಮಿತಿಯೊಂದಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಈ ಅಂಕಿಗಳು ಯಾವ ಮಳೆಮಾಪಕದಿಂದಲೂ ನೇರವಾಗಿ ಬಂದವಲ್ಲ. ವಾತಾವರಣದ ಲೆಕ್ಕಾಚಾರ ಮಾಡುವ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹೆಣೆದು ಪ್ರತಿ ಚೌಕಕ್ಕೆ ಒಂದು ಅಂದಾಜು ಕೊಡುತ್ತವೆ. ಚೌಕದ ಅಗಲ ಮಾದರಿಗೆ ತಕ್ಕಂತೆ ಸುಮಾರು 9ರಿಂದ 25 ಕಿಲೋಮೀಟರ್. ಶಿರಸಿ ತಾಲ್ಲೂಕಿನಲ್ಲಿ ಅಷ್ಟು ದೂರದೊಳಗೆ ಲೋಕವೇ ಬದಲಾಗುತ್ತದೆ. ಪಶ್ಚಿಮಕ್ಕೆ ದೇವಿಮನೆ ಘಟ್ಟದ ಕಡೆ ಹೊರಟರೆ ಮಳೆ ಏರುತ್ತ ಹೋಗುತ್ತದೆ. ಪೂರ್ವಕ್ಕೆ ಬನವಾಸಿಯ ಕಡೆ ಇಳಿದಂತೆ ಕಡಿಮೆಯಾಗಿ ಭತ್ತ, ಜೋಳದ ಬಯಲು ತೆರೆದುಕೊಳ್ಳುತ್ತದೆ. ಎರಡರ ಸರಾಸರಿ ಯಾರ ತೋಟದ ಮಳೆಯೂ ಅಲ್ಲ.

ಇದಕ್ಕೆ ಪರಿಹಾರ ಸಂಘದ ಅಂಗಳದಲ್ಲೇ ಇದೆ: ಒಂದು ಮಳೆಮಾಪಕ. ಅದನ್ನು ತೋಟದೊಳಗೆ ಇಡಬಾರದು; ಸುತ್ತಲಿನ ಮರ, ಕಟ್ಟಡದ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ಹದಿನೈದು ಮೀಟರ್ ಎತ್ತರದ ಅಡಿಕೆ ಮರವಿದ್ದರೆ ಮೂವತ್ತು ಮೀಟರ್ ಆಚೆ. ಬೆಳಿಗ್ಗೆ 8:30ಕ್ಕೆ ಅಳೆದದ್ದನ್ನು ಹಾಳೆಯ ಪಕ್ಕದ ಸಾಲಿನಲ್ಲಿ ತುಂಬುತ್ತ ಹೋದರೆ, ಮಳೆಗಾಲ ಮುಗಿಯುವುದರೊಳಗೆ ಆ ಊರಿನ ಮಟ್ಟಿಗೆ ಪರದೆ ಎಷ್ಟು ನಂಬಿಕಸ್ತ ಎಂಬುದು ತಿಳಿಯುತ್ತದೆ. ಮಾಪಕ ತಿಂಗಳಿಗೆ 900 ಮಿ.ಮೀ. ತೋರಿಸಿದಾಗ ಪರದೆ 600 ತೋರಿಸುತ್ತಿದ್ದರೆ ಪರದೆಯದು ಯಾವಾಗಲೂ ಕಡಿಮೆ ಎಂದು ಬರೆದು ಅಂಟಿಸಿ. ಆದರೆ ದಿನದ ಅಂಕಿಯನ್ನು ಒಂದೂವರೆಯಿಂದ ಗುಣಿಸಲು ಹೋಗಬೇಡಿ. ಮಾದರಿ ಮಳೆಯನ್ನು ಹಿಂದೆಮುಂದೆ ಮಾಡಿಯೂ ತಪ್ಪುತ್ತದೆ. ಬೀಳದ ಮಳೆಯನ್ನು ಗುಣಿಸಿ ಪ್ರಯೋಜನವಿಲ್ಲ. ತಿಂಗಳ ಮೊತ್ತಕ್ಕೆ, ಇಲ್ಲವೇ ಹಿರಿಯರು ಲೆಕ್ಕ ಹಿಡಿಯುವ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಮೊತ್ತಕ್ಕೆ ಮಾತ್ರ ಆ ಹೋಲಿಕೆ ಸಲ್ಲುತ್ತದೆ. ಪರದೆಯಲ್ಲೂ ಮಳೆ ನಕ್ಷತ್ರದ ಮೊತ್ತಕ್ಕೆ ಒಂದು ಸಾಲಿರಲಿ, ಮಿಲಿಮೀಟರ್ ಜೊತೆಗೆ ಇಂಚೂ ಇರಲಿ. 25.4 ಮಿ.ಮೀ. ಸೇರಿದರೆ ಒಂದಿಂಚು, ನಮ್ಮ ಕಡೆಯ ಮಳೆ ಮಾತು ಇಂದಿಗೂ ಇಂಚಿನಲ್ಲೇ ನಡೆಯುತ್ತದೆ.

ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಕೇಳುವಾಗ ಈ ಪರದೆಯ ಚಿತ್ರ ಹಿಡಿದು ಹೋಗಬೇಡಿ. ಆ ಲೆಕ್ಕ ನಡೆಯುವುದು ಅಧಿಸೂಚಿತ ಮಳೆಮಾಪಕದ ಅಂಕಿಯ ಮೇಲೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ನೆಟ್ಟಿದೆ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಕೆಲಸ ಮಾಡುತ್ತಿದೆಯೇ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಸಂಘದವರು ಹೋಗಿ ನೋಡಿಕೊಂಡು ಬನ್ನಿ.