ಸಿಪಿಯು ಖಾಲಿ, ಸೈಟ್ ಮಾತ್ರ ಸ್ತಬ್ಧ

ದೊಡ್ಡಬಳ್ಳಾಪುರದ ಮಗ್ಗದ ಸೀರೆಗಳನ್ನು ಮಾರುವ ಒಂದು ವೆಬ್‌ಸೈಟ್ ಇದೆ ಅಂದುಕೊಳ್ಳಿ. ಪೈಥಾನ್‌ನಲ್ಲಿ ಬರೆದ ಇದನ್ನು ನಡೆಸುವುದು ಗುನಿಕಾರ್ನ್. ಅದರಲ್ಲಿ ಒಂದು ಮಾಸ್ಟರ್ ಪ್ರಕ್ರಿಯೆ, ಅದರ ಕೈಕೆಳಗೆ 5 ವರ್ಕರ್‌ಗಳು. ಸಾಮಾನ್ಯ ಬಗೆಯ ವರ್ಕರ್ ಒಂದು ಸಲಕ್ಕೆ ಒಂದೇ ಕೋರಿಕೆಯನ್ನು ಕೈಗೆತ್ತಿಕೊಳ್ಳುತ್ತದೆ, ಅದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ.

ಸೆಕೆಂಡಿಗೆ 10 ಕೋರಿಕೆ ಬರುತ್ತವೆ, ಒಂದಕ್ಕೆ 0.2 ಸೆಕೆಂಡು ಸಾಕು. ಹಾಗಾದರೆ ಯಾವ ಹೊತ್ತಿನಲ್ಲಿ ನೋಡಿದರೂ ಸರಾಸರಿ ಇಬ್ಬರು ವರ್ಕರ್‌ಗಳಿಗಷ್ಟೇ ಕೆಲಸ. ಈ ಹತ್ತರಲ್ಲಿ ಒಂದು ಕೋರಿಕೆ, ಸಾಗಣೆ ದರ ತಿಳಿಯಲು ಕೊರಿಯರ್ ಕಂಪನಿಯ ಸರ್ವರನ್ನು ಕೇಳುತ್ತದೆ. ಒಂದು ದಿನ ಆ ಸರ್ವರ್ ನಿಧಾನವಾಗಿ, ಉತ್ತರಕ್ಕೆ 40 ಸೆಕೆಂಡು ತೆಗೆದುಕೊಳ್ಳತೊಡಗಿತು. ಸೆಕೆಂಡಿಗೆ ಒಬ್ಬರಂತೆ ವರ್ಕರ್‌ಗಳು ಅಲ್ಲಿ ಸಿಕ್ಕಿಬೀಳುತ್ತಾರೆ. ಹೆಚ್ಚೂಕಡಿಮೆ 5 ಸೆಕೆಂಡಿನಲ್ಲಿ ಐವರೂ ಬಂದ್. ಕೊರಿಯರ್‌ನ ಗೊಡವೆಯೇ ಇಲ್ಲದ ಮುಖಪುಟವೂ ಆಮೇಲೆ ತೆರೆಯುವುದಿಲ್ಲ.

ಕೆಲಸ ನಡೆಯುತ್ತಿದೆ ಎಂದು ತೋರಿಸಲು ಪ್ರತಿ ವರ್ಕರ್ ಒಂದು ತಾತ್ಕಾಲಿಕ ಫೈಲಿನ ಸಮಯವನ್ನು ಆಗಾಗ ಹೊಸದು ಮಾಡುತ್ತಿರಬೇಕು. ಕಾಯುತ್ತ ನಿಂತ ವರ್ಕರ್‌ಗೆ ಅದು ಸಾಧ್ಯವಾಗದು. ನಾವು ಬೇರೆ ಹೇಳದಿದ್ದರೆ ಮಾಸ್ಟರ್ 30 ಸೆಕೆಂಡು ನೋಡಿ, ಮೊದಲು `SIGABRT`, ಅದಕ್ಕೂ ಬಗ್ಗದಿದ್ದರೆ `SIGKILL` ಕಳಿಸುತ್ತದೆ. ಲಾಗ್‌ನಲ್ಲಿ ಹೀಗೆ ಕಾಣುತ್ತದೆ:

```
[CRITICAL] WORKER TIMEOUT (pid:4127)
```

ಸತ್ತ ವರ್ಕರ್‌ನ ಜಾಗಕ್ಕೆ ಹೊಸದು ಬರುತ್ತದೆ. ಆದರೆ ಸಾಲಿನಲ್ಲಿ ಅಂಥವೇ ಕೋರಿಕೆಗಳು ಕಾದಿರುತ್ತವಲ್ಲ, ಅದೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟಾದರೂ ಸಿಪಿಯು ಹೆಚ್ಚುಕಡಿಮೆ ಖಾಲಿಯೇ ಇರುತ್ತದೆ. ರೋಗ ಗುರುತಿಸಲು ನಾನು ನಂಬುವ ಲಕ್ಷಣ ಇದು: ನಮ್ಮದೇ ಲೆಕ್ಕಾಚಾರ ಭಾರವಾಗಿದ್ದರೆ ಸಿಪಿಯು ಉರಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಹಲವರು ಗುನಿಕಾರ್ನ್‌ನ 30 ಸೆಕೆಂಡನ್ನು 120ಕ್ಕೆ ಏರಿಸುತ್ತಾರೆ. ಲಾಗ್ ಶಾಂತವಾಗುತ್ತದೆ, ಸೈಟ್ ಏಳುವುದಿಲ್ಲ, ಏಕೆಂದರೆ ಪ್ರತಿ ವರ್ಕರ್ ಈಗ ಪೂರ್ತಿ 40 ಸೆಕೆಂಡು ಅಲ್ಲೇ ನಿಂತಿರುತ್ತದೆ. ಗಡುವು ಹಾಕಬೇಕಾದ್ದು ಹೊರಗಿನ ಕರೆಗೆ. ಪೈಥಾನ್‌ನ `requests` ಲೈಬ್ರರಿ ತಾನಾಗಿ ಯಾವ ಗಡುವನ್ನೂ ಹಾಕುವುದಿಲ್ಲ, ನಾವೇ ಬರೆಯಬೇಕು:

```python
requests.get(url, timeout=(0.5, 2))
```

ಸಂಪರ್ಕಕ್ಕೆ ಅರ್ಧ ಸೆಕೆಂಡು, ಉತ್ತರಕ್ಕೆ 2 ಸೆಕೆಂಡು. ಈ ಅಂಕಿ ಅಂದಾಜಿನದಲ್ಲ. ಸೆಕೆಂಡಿಗೊಂದು ಕೊರಿಯರ್ ಕೋರಿಕೆ ತಲಾ 2.5 ಸೆಕೆಂಡು ಹಿಡಿದರೆ 2.5 ವರ್ಕರ್ ಬೇಕು. ಉಳಿದ 9 ಕೋರಿಕೆಗಳಿಗೆ 1.8. ಒಟ್ಟು 4.3, ಐದರೊಳಗೆ ಹಿಡಿಸುತ್ತದೆ. ಉತ್ತರಕ್ಕೆ 5 ಸೆಕೆಂಡು ಕೊಟ್ಟಿದ್ದರೆ ಕೊರಿಯರ್ ಒಂದಕ್ಕೇ ಐವರೂ ಸಾಲುತ್ತಿರಲಿಲ್ಲ. ಗಡುವು ಮೀರಿದಾಗ ಬರುವ ದೋಷವನ್ನು ಹಿಡಿದು, ಗ್ರಾಹಕರಿಗೆ ಒಂದು ನಿಗದಿತ ಸಾಗಣೆ ದರ ತೋರಿಸಿದರೆ ವ್ಯಾಪಾರ ನಿಲ್ಲುವುದಿಲ್ಲ.

ಇಲ್ಲೊಂದು ಮಿತಿಯಿದೆ. ಆ 2 ಸೆಕೆಂಡು ಇಡೀ ಉತ್ತರದ ಗಡುವಲ್ಲ. ಏನೂ ಬಾರದೆ ಸುಮ್ಮನಿರುವ ಅವಧಿಯ ಗಡುವು. ಕೊರಿಯರ್ ಸರ್ವರ್ ಒಂದೊಂದು ಸೆಕೆಂಡಿಗೆ ಒಂದೊಂದು ಬೈಟ್ ಕಳಿಸುತ್ತ ಹೋದರೆ `requests` ತಾಳ್ಮೆಯಿಂದ ಕಾಯುತ್ತಲೇ ಇರುತ್ತದೆ. ಆಗ ಆ ವರ್ಕರನ್ನು ಬಿಡಿಸುವುದು ಗುನಿಕಾರ್ನ್‌ನ 30 ಸೆಕೆಂಡೇ.